ಆ್ಯಡ್ ನೆನಪಿದೆ, ಅಂಗಡಿ ನೆನಪಿಲ್ಲ. ‘ಕಲೆ ಒಳ್ಳೆಯದು’ ಮಾತ್ರ ಹೇಗೆ ಉಳಿಯಿತು?

ಕ್ಯಾಮೆರಾ ಕೊಟ್ರೇಶ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳೆಯ ಪಿ.ಜೆ. ಬಡಾವಣೆಯಲ್ಲಿ ಸಣ್ಣ ವಿಡಿಯೊ ಸ್ಟುಡಿಯೊ ಇಟ್ಟಿದ್ದೇವೆ. ಹೊಟ್ಟೆಪಾಡಿಗೆ ಮದುವೆ ಶೂಟಿಂಗ್. ನಡುವೆ ಊರಿನ ಅಂಗಡಿಗಳಿಗೆ ಆ್ಯಡ್ ಮಾಡಿಕೊಡುತ್ತೇವೆ. ಒಂದು ಸೀರೆ ಅಂಗಡಿಗೆ ಮೂರು ವರ್ಷದಿಂದ ದೀಪಾವಳಿ ಆ್ಯಡ್ ಮಾಡುತ್ತಿದ್ದೇವೆ.

ಕಳೆದ ದೀಪಾವಳಿಯ ಕಥೆ ಹೀಗಿತ್ತು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾನೆ. ಮಗಳಿಗೆ ಮೊದಲ ಕೆಲಸ ಸಿಕ್ಕಿದೆ. ಅವಳು ಕೆಲಸಕ್ಕೆ ಹೋಗುವ ಮೊದಲ ದಿನ ಒಂದು ಒಳ್ಳೆ ಸೀರೆ ಉಡಬೇಕು ಅಂತ ಅವನು ಬೀಡಿ ಬಿಟ್ಟು, ಸಂಜೆ ಟೀ ಬಿಟ್ಟು ದುಡ್ಡು ಕೂಡಿಡುತ್ತಾನೆ. ಹಬ್ಬದ ದಿನ ಸೀರೆ ಕೊಡುತ್ತಾನೆ, ಮಗಳು ಅಳುತ್ತಾಳೆ. ಕೊನೆಗೆ ಅಂಗಡಿಯ ಹೆಸರು. ಒಟ್ಟು 90 ಸೆಕೆಂಡ್. ವಾಟ್ಸಾಪ್‌ನಲ್ಲಿ ಊರೆಲ್ಲ ಓಡಾಡಿತು. ನಮ್ಮ ತಾಯಿಯೇ ಮೂರು ಸಲ ನೋಡಿ ಕಣ್ಣೊರೆಸಿಕೊಂಡರು.

ಆಮೇಲೆ ಸಾಹುಕಾರರು ಒಂದು ವಾರ ಗಲ್ಲಾ ಹತ್ತಿರ ಹುಡುಗನನ್ನು ಕೂರಿಸಿ, ಬಂದ ಗಿರಾಕಿಗಳನ್ನು ಕೇಳಿಸಿದರು. ಆ್ಯಡ್ ನೋಡಿದ್ದೇವೆ ಅಂದವರು 11 ಜನ. ಅದು ಇದೇ ಅಂಗಡಿಯದು ಅಂತ ಗೊತ್ತಿದ್ದವರು ಇಬ್ಬರು. ನಾಲ್ವರು ಎದುರಿನ ದೊಡ್ಡ ಅಂಗಡಿಯ ಹೆಸರು ಹೇಳಿದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಸರ್ಫ್ ಎಕ್ಸೆಲ್‌ನವರು 2005ರಿಂದ ‘ಕಲೆ ಒಳ್ಳೆಯದು’ ಅಂತಲೇ ಹೇಳುತ್ತಿದ್ದಾರೆ. ಅವರದ್ದೂ ಸೆಂಟಿಮೆಂಟ್ ಕಥೆ, ನಮ್ಮದೂ ಸೆಂಟಿಮೆಂಟ್ ಕಥೆ. ಅವರ ಕಥೆ ನೆನಪಾದರೆ ಪೌಡರ್ ನೆನಪಾಗುತ್ತದೆ. ನಮ್ಮ ಕಥೆ ನೆನಪಾದರೆ ಬರೀ ಅಪ್ಪ ನೆನಪಾಗುತ್ತಾನೆ. ವ್ಯತ್ಯಾಸ ಎಲ್ಲಿದೆ? ಕಥೆ ಕಟ್ಟುವ ರೀತಿಯಲ್ಲಿ ಏನಿದೆ ಅಂತ ಬಿಡಿಸಿ ಹೇಳುವವರು ಇದ್ದರೆ ದಯವಿಟ್ಟು ಹೇಳಿ.

ಮಂಡಿಪೇಟೆ ಮಂಜಣ್ಣ

ಕೊಟ್ರೇಶ, ಇದರಲ್ಲಿ ಬಿಡಿಸೋದು ಏನಿಲ್ಲಪ್ಪ. ದುಡ್ಡು. ದಿನಕ್ಕೆ ಹತ್ತು ಸಲ ತೋರಿಸಿದರೆ ಯಾರದ್ದು ಬೇಕಾದರೂ ನೆನಪಿರುತ್ತದೆ. ನಿರ್ಮಾ ತಗೋ. ಅದರಲ್ಲಿ ಯಾವ ಕಥೆ ಇತ್ತು? ಬಿಳಿ ಫ್ರಾಕಿನ ಹುಡುಗಿ, ಒಂದು ಹಾಡು, ನಾಲ್ಕು ಹೆಂಗಸರ ಹೆಸರು. ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವನು, ಹಿಂದಿ ಬರೋದಿಲ್ಲ. ಆದರೂ ಆ ನಾಲ್ಕು ಹೆಸರು ಇವತ್ತಿಗೂ ಸಾಲಾಗಿ ಹೇಳುತ್ತೇನೆ. ಕಥೆಯಿಂದಲ್ಲ, ರೇಡಿಯೊ, ಟಿವಿಯಲ್ಲಿ ಕೇಳಿ ಕೇಳಿ. ನೀವು ವರ್ಷಕ್ಕೆ ಒಂದು ಸಲ ಮಾಡಿ ವಾಟ್ಸಾಪ್‌ಗೆ ಬಿಟ್ಟರೆ ಯಾರಿಗೆ ನೆನಪಿರಬೇಕು?

ಚಂದ್ರವಳ್ಳಿ (ಚಿತ್ರದುರ್ಗ)

ಮಂಜಣ್ಣ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಪದೇ ಪದೇ ಬರದೆ ಏನೂ ನಾಟುವುದಿಲ್ಲ. ಆದರೆ ಕೊಟ್ರೇಶ್ ಅವರ 11 ಜನರಿಗೆ ಕಥೆ ನಾಟಿದೆ. ನಾಟದೇ ಇದ್ದದ್ದು ಹೆಸರು. ಅದು ದುಡ್ಡಿನ ಕೊರತೆ ಒಂದೇ ಅಲ್ಲ.

ನಾನು ಬೆಂಗಳೂರಿನಲ್ಲಿ ಜಾಹೀರಾತು ಏಜೆನ್ಸಿಗಳಲ್ಲಿ ಪ್ಲಾನಿಂಗ್ ಕೆಲಸ ಮಾಡಿದವಳು. ಈಗ ಊರಿಗೆ ಬಂದಿದ್ದೇನೆ. ‘ಕಲೆ ಒಳ್ಳೆಯದು’ ಸರಣಿಯ ಮೊದಲ ಚಿತ್ರವನ್ನೇ ತಗೊಳ್ಳೋಣ, ನಿಧಾನವಾಗಿ ನೋಡೋಣ.

ಅಣ್ಣ ತಂಗಿ ಸ್ಕೂಲ್ ಯೂನಿಫಾರ್ಮ್‌ನಲ್ಲಿ ನಡೆದು ಬರುತ್ತಿದ್ದಾರೆ. ತಂಗಿ ಕೆಸರಿನ ಗುಂಡಿಗೆ ಬೀಳುತ್ತಾಳೆ, ಅಳುತ್ತಾಳೆ. ಅಣ್ಣ ಒಂದು ಕ್ಷಣ ನೋಡುತ್ತಾನೆ. ಆಮೇಲೆ ಆ ಕೆಸರಿಗೇ ಗುದ್ದಲು ಶುರು ಮಾಡುತ್ತಾನೆ, ಸಾರಿ ಕೇಳು ಅಂತ. ಉರುಳಾಡುತ್ತಾನೆ, ಒದೆಯುತ್ತಾನೆ, ಮೈಯೆಲ್ಲ ಕೆಸರು. ಕೊನೆಗೆ ಎದ್ದು ಬಂದು, ಅದು ಸಾರಿ ಕೇಳಿತು ಅಂತ ತಂಗಿಗೆ ಹೇಳುತ್ತಾನೆ. ಅಷ್ಟೇ.

ಈಗ ಒಂದು ಕೆಲಸ ಮಾಡಿ. ಈ ಕಥೆಯನ್ನು ಕೆಸರಿಲ್ಲದೆ ಹೇಳಿ ನೋಡೋಣ. ಆಗುವುದಿಲ್ಲ. ಅಣ್ಣನ ಪ್ರೀತಿ ನಮಗೆ ಕಾಣುವುದೇ ಆ ಕೆಸರಿನಿಂದ. ಅವನ ಶರ್ಟ್ ಎಷ್ಟು ಕೊಳೆಯೋ ಅಷ್ಟು ಪ್ರೀತಿ. ಅಂದರೆ ಬಟ್ಟೆ ಸೋಪಿನ ಕಂಪನಿಗೆ ಸಂಬಂಧಪಟ್ಟ ವಸ್ತು ಕಥೆಯ ಕೀಲಿನಲ್ಲೇ ಕೂತಿದೆ. ಕಥೆಯನ್ನು ಯಾರಿಗಾದರೂ ಹೇಳಬೇಕಾದರೆ ಅದನ್ನು ದಾಟಿ ಹೋಗಲು ಸಾಧ್ಯವೇ ಇಲ್ಲ.

ಇನ್ನೊಂದು ವಿಷಯ ಇದೆ, ನನಗೆ ಬಹಳ ಇಷ್ಟವಾದದ್ದು. ನಮ್ಮ ಕಡೆ ಎರೆಮಣ್ಣು. ಶನಿವಾರ ಡ್ರಿಲ್‌ಗೆ ಬಿಳಿ ಯೂನಿಫಾರ್ಮ್. ಮಳೆಗಾಲದಲ್ಲಿ ಆ ಮಣ್ಣು ಬಿಳಿ ಕ್ಯಾನ್ವಾಸ್ ಶೂಗೆ ಮೆತ್ತಿಕೊಂಡರೆ ಶೂ ಎರಡರಷ್ಟು ಭಾರ ಆಗುತ್ತಿತ್ತು. ಮನೆ ಬಾಗಿಲಿಗೆ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಭಯ. ಅಮ್ಮ ಮೊದಲು ಮುಖ ನೋಡುತ್ತಿರಲಿಲ್ಲ, ಬಟ್ಟೆ ನೋಡುತ್ತಿದ್ದರು. ಆ ಬೈಗುಳ ನಮ್ಮೆಲ್ಲರ ಒಳಗೆ ಇದೆ ಅಲ್ವಾ? ಈ ಆ್ಯಡ್ ಹೊಸ ನೆನಪನ್ನು ಕಟ್ಟುವುದಿಲ್ಲ. ನಮ್ಮ ಹತ್ತಿರ ಮೊದಲೇ ಇರುವ ನೆನಪಿಗೆ ಗಂಟು ಹಾಕುತ್ತದೆ. ಬೈಗುಳ ಬರಬೇಕಾದ ಜಾಗದಲ್ಲಿ ಬೈಗುಳದ ಬದಲು ಆ ಸಾಲು ಬರುತ್ತದೆ. ಚಿಕ್ಕಂದಿನಲ್ಲಿ ನಮಗೆ ಸಿಗದೇ ಹೋದದ್ದು ಅಲ್ಲಿ ಆ ಮಗುವಿಗೆ ಸಿಗುತ್ತದೆ. ಗಂಟಲು ಕಟ್ಟುವುದು ಅಲ್ಲಿ.

ಚನ್ನಗಿರಿ ಅಡಿಕೆ ತೋಟ

ನಮಸ್ಕಾರ. ಕಲೆ ಬಗ್ಗೆ ಮಾತು ನಡೀತಿದೆ ಅಂತ ಬಂದೆ. ನಮ್ಮಲ್ಲಿ ಅಡಿಕೆ ಬೇಯಿಸುವ ಕಾಲದಲ್ಲಿ ಬಟ್ಟೆಗೆ ಚೊಗರು ಬಿದ್ದರೆ ಮುಗೀತು. ಕೆಂಪಗೆ ಕೂತುಬಿಡುತ್ತದೆ. ಇವರು ಹೇಳುವ ಪೌಡರ್ ಹಾಕಿ ನೆನೆಸಿದೆ, ಬಾರ್ ಸೋಪು ಉಜ್ಜಿದೆ, ನಿಂಬೆಹಣ್ಣು ಹಾಕಿದೆ. ಹೋಗಲಿಲ್ಲ. ಯಾವುದು ಹಾಕಿದರೆ ಹೋಗುತ್ತೆ ಗೊತ್ತಿದ್ದವರು ಹೇಳಿ. ಎರಡು ಹೊಸ ಪಂಚೆ ಹಾಳಾಗಿವೆ.

ಸುಧಾ ಟೀಚರ್ (ಹರಿಹರ)

ಅಣ್ಣಾ, ನಮ್ಮ ತವರುಮನೆಯೂ ಅಡಿಕೆಯದ್ದೇ. ಚೊಗರು ಹೋಗೋದಿಲ್ಲ. ಒಣಗುವ ಮೊದಲೇ ತಣ್ಣೀರಿಗೆ ಹಾಕಿದರೆ ಸ್ವಲ್ಪ ತೆಳುವಾಗುತ್ತದೆ ಅಷ್ಟೇ. ಅಡಿಕೆ ಕೆಲಸಕ್ಕೆ ಅಂತಲೇ ಹಳೇ ಬಟ್ಟೆ ಬೇರೆ ಇಡಿ.

ಕೊಟ್ರೇಶ್, ನಿಮ್ಮ ವಿಷಯಕ್ಕೆ ಬರುತ್ತೇನೆ. ಆ ಸರಣಿಯಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಕೆಸರಿನದ್ದಲ್ಲ. ಸರ್ಫ್‌ನವರದ್ದೇ ಇನ್ನೊಂದು ಇದೆಯಲ್ಲ, ಅಪ್ಪ ಮಗಳ ಮನೆಗೆ ಬಂದು ಕೂತಿರುತ್ತಾರೆ. ಮಗಳು ಆಫೀಸಿಂದ ಬಂದವಳು ಫೋನು, ಅಡುಗೆ, ಮಗು, ಬಟ್ಟೆ ಎಲ್ಲ ಒಬ್ಬಳೇ ನೋಡಿಕೊಳ್ಳುತ್ತಾಳೆ. ಅಳಿಯ ಟಿವಿ ಮುಂದೆ. ಅಪ್ಪ ಸುಮ್ನೆ ನೋಡುತ್ತಾ ಮನಸ್ಸಲ್ಲೇ ಮಗಳಿಗೆ ಕ್ಷಮೆ ಕೇಳುತ್ತಾರೆ, ಪತ್ರ ಬರೆದಿಟ್ಟು ಹೋಗುತ್ತಾರೆ. ಮನೆಗೆ ಹೋಗಿ ತಾವೇ ಬಟ್ಟೆ ಒಗೆಯಲು ಹಾಕುತ್ತಾರೆ. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ನೋಡಿ ಎದ್ದು ಹೊರಗೆ ಹೋದೆ. ನಮ್ಮ ಅಪ್ಪ ಹೋಗಿ ಆಗ ಆರು ತಿಂಗಳಾಗಿತ್ತು. ಅದನ್ನೂ ಬಿಡಿಸಿ ಹೇಳಿ ಮೇಡಂ.

ಚಂದ್ರವಳ್ಳಿ

ಸುಧಾ ಟೀಚರ್, ನಿಮ್ಮ ಮಾತು ಓದಿ ನಾನೂ ಒಂದು ಕ್ಷಣ ಸುಮ್ಮನಾದೆ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಅದು ಸರ್ಫ್ ಎಕ್ಸೆಲ್ ಜಾಹೀರಾತಲ್ಲ. ಏರಿಯಲ್‌ನದ್ದು. ಅವರು 2015ರಲ್ಲಿ ‘ಶೇರ್ ದ ಲೋಡ್’ ಅಂತ ಶುರು ಮಾಡಿದರು. ಬಟ್ಟೆ ಒಗೆಯುವುದು ಹೆಂಗಸರ ಕೆಲಸ ಮಾತ್ರವೇ ಅನ್ನುವುದು ಅವರ ಪ್ರಶ್ನೆ. ನೀವು ಹೇಳಿದ ಅಪ್ಪನ ಚಿತ್ರ 2016ರದ್ದು. ಬೇರೆ ಕಂಪನಿ, ಸರ್ಫ್‌ನ ನೇರ ಎದುರಾಳಿ.

ಇದನ್ನು ತಪ್ಪು ಅಂತ ಎತ್ತಿ ತೋರಿಸುತ್ತಿಲ್ಲ. ಕೊಟ್ರೇಶ್ ಅವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಟೀಚರ್‌ಗೆ ಅಳಿಯ ಎಲ್ಲಿ ಕೂತಿದ್ದ ಅನ್ನುವುದೂ ನೆನಪಿದೆ. ಬ್ರ್ಯಾಂಡ್ ಮಾತ್ರ ಪಕ್ಕದ ಮನೆಗೆ ಹೋಗಿದೆ. ಯಾಕೆ? ಆ ಕಥೆಯಲ್ಲಿ ಬಟ್ಟೆ ಒಗೆಯುವುದು ಬೇಕು. ಆದರೆ ಯಾವ ಪೌಡರ್ ಆದರೂ ನಡೆಯುತ್ತದೆ. ಬಟ್ಟೆ, ಮನೆ, ಮಮತೆ ಅಂದ ಕೂಡಲೇ ನಮ್ಮ ತಲೆ ಮೊದಲೇ ಗಟ್ಟಿಯಾಗಿ ಗಂಟು ಬಿದ್ದಿರುವ ಹೆಸರಿನ ಕಡೆ ಹೋಗುತ್ತದೆ. ಏರಿಯಲ್ ಚಿತ್ರ ಕೆಟ್ಟದ್ದಲ್ಲ. ಬಹಳ ಜನರ ಮನೆಯಲ್ಲಿ ಮಾತು ಹುಟ್ಟಿಸಿದ ಚಿತ್ರ. ಆದರೂ ಟೀಚರ್ ಅವರ ಕಣ್ಣೀರು ಎದುರಾಳಿಯ ಖಾತೆಗೆ ಜಮಾ ಆಯಿತು.

ನಿಮ್ಮ ಊರಿನ ಆ ನಾಲ್ವರೂ ಎದುರಿನ ದೊಡ್ಡ ಅಂಗಡಿಯ ಹೆಸರು ಹೇಳಿದ್ದು ಇದೇ ಕಾರಣಕ್ಕೆ. ಸೀರೆ ಕಥೆ ಅಂದಮೇಲೆ ದೊಡ್ಡ ಸೀರೆ ಅಂಗಡಿ. ನೀವು ಅವರಿಗೆ ಪುಕ್ಕಟೆ ಆ್ಯಡ್ ಮಾಡಿಕೊಟ್ಟ ಹಾಗಾಯಿತು.

ಸುಧಾ ಟೀಚರ್

ನಿಜವಾಗಿಯೂ ಈಗಲೇ ಗೊತ್ತಾಗಿದ್ದು. ಹುಡುಕಿ ನೋಡಿದೆ, ಏರಿಯಲ್ ಅಂತಲೇ ಇದೆ. ಎಷ್ಟು ಜನರಿಗೆ ನಾನು ಸರ್ಫ್ ಆ್ಯಡ್ ನೋಡಿ ಅಂತ ಹೇಳಿದ್ದೇನೆ!

ಮಂಡಿಪೇಟೆ ಮಂಜಣ್ಣ

ಚಂದ್ರವಳ್ಳಿ ಮೇಡಂ, ನೀವು ಹೇಳಿದ್ದೇ ನನ್ನ ಮಾತಿಗೆ ಸಾಕ್ಷಿ ಆಯ್ತಲ್ಲ. ಹೆಸರು ದೊಡ್ಡವರ ಕಡೆ ಹೋಗುತ್ತದೆ ಅಂದರೆ ದೊಡ್ಡವರು ಗೆಲ್ಲುತ್ತಾರೆ ಅಂತ. ಸರ್ಫ್ ಎಕ್ಸೆಲ್ ಮಾರಾಟ 2022ರಲ್ಲಿ ನೂರು ಕೋಟಿ ಡಾಲರ್ ದಾಟಿತು ಅಂತ ಪೇಪರ್‌ನಲ್ಲಿ ಓದಿದ್ದೆ. ಅಷ್ಟು ದೊಡ್ಡ ಕಂಪನಿ ಕಥೆ ಹೇಗೆ ಕಟ್ಟಿದರೂ ನಡೆಯುತ್ತದೆ.

ಚಂದ್ರವಳ್ಳಿ

ದೊಡ್ಡವರಿಗೆ ಲಾಭ ಜಾಸ್ತಿ ಅನ್ನುವುದನ್ನು ಒಪ್ಪುತ್ತೇನೆ. ಟೀಚರ್ ವಿಷಯದಲ್ಲಿ ಕಥೆಯ ಜೋಡಣೆ ಎಷ್ಟು, ಕಂಪನಿಯ ಗಾತ್ರ ಎಷ್ಟು ಅಂತ ನಾನು ಬೇರೆ ಮಾಡಿ ತೂಗಿ ಕೊಡಲಾರೆ. ಆದರೆ ಒಂದು ಪ್ರಶ್ನೆ. ನಿಮಗೆ ನಿರ್ಮಾ ಹಾಡು ಪೂರ್ತಿ ಬರುತ್ತದೆ. ಈಗ ನಿಮ್ಮ ಮನೆಯಲ್ಲಿ ಯಾವ ಪೌಡರ್ ಇದೆ?

ಮಂಡಿಪೇಟೆ ಮಂಜಣ್ಣ

ಮನೆಯವರನ್ನು ಕೇಳಿದೆ. ನಿರ್ಮಾ ಅಲ್ಲ.

ಚಂದ್ರವಳ್ಳಿ

ಹಾಡಿನಿಂದ ಹೆಸರು ಉಳಿಯುತ್ತದೆ, ಅದು ಸಣ್ಣ ಕೆಲಸ ಅಲ್ಲ. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲ್ 1969ರಲ್ಲಿ ಮನೆಯಲ್ಲಿ ಪೌಡರ್ ಮಾಡಿ ಸೈಕಲ್ ಮೇಲೆ ಮಾರಲು ಶುರು ಮಾಡಿದವರು. ಹಾಡು ಮತ್ತು ಕಡಿಮೆ ಬೆಲೆ ಎರಡನ್ನೂ ಹಿಡಿದು ಸರ್ಫ್‌ಗೆ ನಡುಕ ಹುಟ್ಟಿಸಿದರು. ಆದರೆ ಆ ಹಾಡಿನಲ್ಲಿ ನೆನಪಾಗುವುದು ಹೆಸರು. ಯಾವ ಹೊತ್ತಿನಲ್ಲಿ, ಯಾವುದನ್ನು ನೋಡಿದಾಗ ನೆನಪಾಗಬೇಕು ಅನ್ನುವ ಕೊಂಡಿ ಅಷ್ಟು ಗಟ್ಟಿಯಿಲ್ಲ. ಮಗ ಶರ್ಟಿಗೆ ಸಾರು ಚೆಲ್ಲಿಕೊಂಡು ಬಂದಾಗ ಯಾರಿಗೂ ಆ ಹಾಡು ಬರುವುದಿಲ್ಲ. ‘ಕಲೆ ಒಳ್ಳೆಯದು’ ಬರುತ್ತದೆ. ಅದಕ್ಕೆ ಕರೆಗಂಟೆ ಮನೆಯೊಳಗೇ ಇದೆ. ದಿನಾ ಬಾರಿಸುತ್ತದೆ, ಕಂಪನಿ ದುಡ್ಡು ಹಾಕದ ದಿನವೂ.

ಹಳೇ ದುರ್ಗದವನು

ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಕಾಲದ ಮಾತು ಹೇಳುತ್ತೇನೆ. ನಿರ್ಮಾಗೆ ಉತ್ತರ ಕೊಡಲು ಸರ್ಫ್‌ನವರು 80ರ ದಶಕದಲ್ಲಿ ಲಲಿತಾಜಿ ಅನ್ನುವ ಪಾತ್ರ ತಂದಿದ್ದರು. ಲಿಂಟಾಸ್‌ನ ಅಲೀಕ್ ಪದಮ್‌ಸೀ ಮಾಡಿಸಿದ್ದು, ಕವಿತಾ ಚೌಧರಿ ನಟಿಸಿದ್ದು. ಆಯಮ್ಮ ತರಕಾರಿ ಚೌಕಾಸಿ ಮಾಡುತ್ತಾ, ಅರ್ಧ ಕಿಲೊ ಸರ್ಫ್ ಅಂದರೆ ಒಂದು ಕಿಲೊ ಅಗ್ಗದ ಪೌಡರಿಗೆ ಸಮ ಅಂತ ಲೆಕ್ಕ ಹೇಳುತ್ತಿದ್ದಳು. ನಮ್ಮ ತಂದೆ ಪಾಳಿ ಮುಗಿಸಿ ಬಂದು, ಪಕ್ಕದ ಮನೆ ಟಿವಿಯಲ್ಲಿ ಅದನ್ನು ನೋಡಿ, ಈ ಹೆಣ್ಣುಮಗಳು ಸರಿಯಾಗಿ ಹೇಳ್ತಾಳೆ ಅನ್ನುತ್ತಿದ್ದರು. ಆದರೂ ಮನೆಗೆ ಅಗ್ಗದ್ದೇ ಬರುತ್ತಿತ್ತು. ಲೆಕ್ಕ ಸರಿ ಇತ್ತು, ಆದರೆ ತಿಂಗಳ ಕೊನೆಯಲ್ಲಿ ಕೈಯಲ್ಲಿ ದುಡ್ಡು ಬೇಕಲ್ಲ.

ಚಂದ್ರವಳ್ಳಿ

ಸರ್, ಬಹಳ ಚೆನ್ನಾಗಿ ನೆನಪಿಸಿದಿರಿ. ಲಲಿತಾಜಿ ವಾದ ಮಾಡಿ ಗೆಲ್ಲುವ ಹೆಂಗಸು. ಬೆಲೆಯ ವಾದ ಬೆಲೆ ಬದಲಾದ ದಿನ ಹಳೆಯದಾಗುತ್ತದೆ. 2005ರಲ್ಲಿ ವಾದವನ್ನೇ ಬಿಟ್ಟರು. ಇದು ಪೂರ್ತಿ ಇಲ್ಲಿಯದೇ ಆಲೋಚನೆ ಅಲ್ಲ. ಯೂನಿಲಿವರ್ ಹೊರದೇಶಗಳಲ್ಲಿ ಓಮೊ, ಪರ್ಸಿಲ್ ಹೆಸರಿನಲ್ಲಿ ಮಾರುವ ಪೌಡರಿಗೆ ‘ಕೊಳೆ ಒಳ್ಳೆಯದು’ ಅನ್ನುವ ಅರ್ಥದ ಮಾತು ಇಟ್ಟಿತ್ತು. ಅಲ್ಲಿ ಅದರ ಭಾವ, ಮಗು ಮಣ್ಣಲ್ಲಿ ಆಡಿದರೆ ಕಲಿಯುತ್ತದೆ ಅಂತ. ನಮ್ಮ ದೇಶದಲ್ಲಿ ಅದನ್ನು ತಿರುಗಿಸಿ, ಮಗು ಬೇರೆಯವರಿಗಾಗಿ ಕೊಳೆಯಾಗುತ್ತದೆ ಅಂತ ಮಾಡಿದರು. ಸುಮ್ನೆ ಆಡಿ ಕೊಳೆ ಮಾಡಿಕೊಂಡ ಮಗುವನ್ನು ನಮ್ಮ ಅಮ್ಮಂದಿರು ಒಪ್ಪುವುದು ಕಷ್ಟ. ತಂಗಿಗಾಗಿ ಕೊಳೆಯಾದವನನ್ನು ಯಾವ ಅಮ್ಮ ಹೊಡೆಯುತ್ತಾಳೆ?

ಆ ಸಾಲಿನ ಕಟ್ಟಡ ನೋಡಿ. ಪೂರ್ತಿ ಸಾಲಿನ ಭಾವ ಇಷ್ಟು: ಕಲೆಯಿಂದ ಏನಾದರೂ ಒಳ್ಳೆಯದಾಗುವುದಾದರೆ, ಕಲೆ ಒಳ್ಳೆಯದೇ. ಇದರಲ್ಲಿ ‘ಆಗುವುದಾದರೆ’ ಅನ್ನುವುದು ಖಾಲಿ ಡಬ್ಬಿ. ಒಂದು ವರ್ಷ ಅದರಲ್ಲಿ ತಂಗಿಯ ಅಳು ಹಾಕಬಹುದು. ಇನ್ನೊಂದು ವರ್ಷ ನಾಯಿ ಕಳೆದುಕೊಂಡ ಟೀಚರಮ್ಮನನ್ನು ನಗಿಸಲು ತಾನೇ ನಾಯಿಮರಿಯಂತೆ ಆಡುವ ಹುಡುಗನನ್ನು ಹಾಕಬಹುದು. ಒಳಗಿನದು ಬದಲಾಗುತ್ತದೆ, ಡಬ್ಬಿ ಬದಲಾಗುವುದಿಲ್ಲ. ಅರ್ಧ ಕಥೆ ನೋಡಿದಾಗಲೇ ಕೊನೆ ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಗೊತ್ತಾಗುತ್ತದೆ, ಆದರೂ ಕಾಯುತ್ತೇವೆ. ಹರಿಕಥೆಯಲ್ಲಿ ಎಲ್ಲಿಗೆ ಬಂದು ನಿಲ್ಲುತ್ತಾರೆ ಅಂತ ಗೊತ್ತಿದ್ದೂ ಕೂರುತ್ತೇವಲ್ಲ, ಹಾಗೆ.

ಸುಧಾ ಟೀಚರ್

ಮೇಡಂ, ಕನ್ನಡದಲ್ಲಿ ಇನ್ನೊಂದು ಇದೆ. ‘ಕಲೆ’ ಅಂದರೆ ಚಿತ್ರ, ಸಂಗೀತ ಕೂಡ. ನಮ್ಮ ಐದನೇ ತರಗತಿ ಮಕ್ಕಳಿಗೆ ಕಲೆಯ ಬಗ್ಗೆ ಬರೆಯಿರಿ ಅಂದರೆ ಒಬ್ಬ ಹುಡುಗ ‘ಕಲೆ ಒಳ್ಳೆಯದು’ ಅಂತಲೇ ಶುರು ಮಾಡಿ ಕೆಸರಿನ ಬಗ್ಗೆ ಬರೆದಿದ್ದ. ಹಿಂದಿಯ ‘ದಾಗ್’ನಲ್ಲಿ ಕಳಂಕದ ವಾಸನೆ ಇದೆ. ನಮ್ಮ ಪದ ಮೆತ್ತಗಿದೆ. ಅದಕ್ಕೇ ನಮ್ಮ ಕಿವಿಗೆ ಆ ಸಾಲು ಅಷ್ಟು ಸಲೀಸು ಅನಿಸುತ್ತದೆ.

ಕ್ಯಾಮೆರಾ ಕೊಟ್ರೇಶ

ಅಕ್ಕಾ, ನಿಮ್ಮ ಕೆಸರಿನ ಪರೀಕ್ಷೆಯನ್ನು ನಮ್ಮ ಆ್ಯಡ್ ಮೇಲೆ ಮಾಡಿ ನೋಡಿದೆ. ಸೀರೆ ತೆಗೆದು ಕಿವಿಯೋಲೆ ಹಾಕಿದೆ. ಕಥೆ ನಡೆಯುತ್ತದೆ. ಚಪ್ಪಲಿ ಹಾಕಿದೆ, ಆಗಲೂ ನಡೆಯುತ್ತದೆ. ಅಂಗಡಿ ಬರುವುದು ಕೊನೆಯ 4 ಸೆಕೆಂಡ್. ಅಷ್ಟರಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ ಅಂತ ಈಗ ಅರ್ಥವಾಯಿತು.

ಚಂದ್ರವಳ್ಳಿ

ನಮ್ಮ ಕೆಲಸದಲ್ಲಿ ಇದಕ್ಕೆ ವ್ಯಾಂಪೈರ್ ಎಫೆಕ್ಟ್ ಅನ್ನುತ್ತಾರೆ. ಕಥೆಯೇ ಬ್ರ್ಯಾಂಡಿನ ರಕ್ತ ಹೀರಿಬಿಡುತ್ತದೆ. ಹೆಚ್ಚಾಗಿ ದೊಡ್ಡ ಸ್ಟಾರ್‌ಗಳನ್ನು ಹಾಕಿದಾಗ ಆಗುತ್ತದೆ. ಸ್ಟಾರ್ ನೆನಪಿರುತ್ತಾರೆ, ಬನಿಯನ್ ಯಾವುದು ಅಂತ ನೆನಪಿರುವುದಿಲ್ಲ. ನಿಮ್ಮಲ್ಲಿ ಅಪ್ಪನೇ ಸ್ಟಾರ್ ಆದ.

ಕಂಡುಹಿಡಿಯುವುದು ಸುಲಭ. ಆ್ಯಡ್ ನೋಡಿದವರಿಗೆ ಅಂಗಡಿ ಹೆಸರು ಕೇಳಬೇಡಿ. ಕಥೆ ಹೇಳಿ ಅನ್ನಿ, ಸುಮ್ಮನೆ ಕೇಳಿಸಿಕೊಳ್ಳಿ. ನಾಲ್ಕೈದು ಜನ ಸಾಕು. ಅವರ ಬಾಯಲ್ಲಿ ಕಥೆಯ ನಡುವೆ ನಿಮ್ಮ ವಸ್ತು ತಾನಾಗಿ ಬಂದರೆ ಜೋಡಣೆ ಸರಿ ಇದೆ. ಕಥೆ ಮುಗಿದ ಮೇಲೆ, ಹಾಂ, ಯಾವುದೋ ಸೀರೆ ಅಂಗಡಿಯದು ಅಂದರೆ ಜೋಡಣೆ ಬಿಟ್ಟಿದೆ. ಇದನ್ನು ಶೂಟಿಂಗ್ ಆದ ಮೇಲೆ ಅಲ್ಲ, ಸ್ಕ್ರಿಪ್ಟ್ ಹಂತದಲ್ಲೇ ಮಾಡಿ. ಒಬ್ಬರಿಗೆ ಬಾಯಲ್ಲಿ ಹೇಳಿ, ಮಾರನೇ ದಿನ ಅವರಿಂದ ಹೇಳಿಸಿ.

ಈಗ ಹೇಳಿ, ಆ ಅಂಗಡಿಯಲ್ಲಿ ಮಾತ್ರ ನಡೆಯುವಂಥದ್ದು ಏನಿದೆ? ಡಿಸ್ಕೌಂಟ್ ಬೇಡ, ಕ್ವಾಲಿಟಿ ಬೇಡ. ಕಣ್ಣಿಗೆ ಕಾಣುವಂಥದ್ದು.

ಕ್ಯಾಮೆರಾ ಕೊಟ್ರೇಶ

ಹಳೇ ಅಂಗಡಿ. ಗಾದಿ ಮೇಲೆ ಕೂತು ವ್ಯಾಪಾರ. ನೀರು ಕೊಡುತ್ತಾರೆ. ಹಾಂ, ಒಂದಿದೆ. ಯಾರಿಗಾದರೂ ಸೀರೆ ಇಷ್ಟವಾಗಿ ಅವತ್ತು ಪೂರ್ತಿ ದುಡ್ಡು ಇಲ್ಲದಿದ್ದರೆ, ಇದ್ದಷ್ಟು ತಗೊಂಡು ಸೀರೆ ಎತ್ತಿಡುತ್ತಾರೆ. ಒಂದು ಹಳದಿ ಚೀಟಿಯಲ್ಲಿ ಹೆಸರು ಬರೆದು ಗುಂಡುಪಿನ್ನಿನಿಂದ ಸೀರೆ ಮಡಿಕೆಗೆ ಚುಚ್ಚಿ ಮೇಲಿನ ಅಟ್ಟಣಿಗೆಯಲ್ಲಿ ಇಡುತ್ತಾರೆ. ಹಬ್ಬದ ಮುಂಚೆ ಆ ಅಟ್ಟಣಿಗೆ ಪೂರ್ತಿ ಹಳದಿ ಚೀಟಿ. ಸಾಹುಕಾರರ ತಂದೆ ಕಾಲದಿಂದ ಇದೆ. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ, ಕ್ಯಾಮೆರಾ ಮಾತ್ರ ಆ ಕಡೆ ತಿರುಗಿಸಲಿಲ್ಲ.

ಚಂದ್ರವಳ್ಳಿ

ಕೊಟ್ರೇಶ್, ನಿಮ್ಮ ಕೆಸರು ಅದೇ.

ಅದೇ ಅಪ್ಪನ ಕಥೆ ಇಟ್ಟುಕೊಳ್ಳಿ. ಮಂಡಕ್ಕಿ ಭಟ್ಟಿಯ ಹೊಗೆಯಿಂದ ಬಂದವನು ಅಂಗಡಿಯಲ್ಲಿ ನೂರು ರೂಪಾಯಿ ಇಟ್ಟು ಒಂದು ಸೀರೆ ತೋರಿಸುತ್ತಾನೆ. ಚೀಟಿಯಲ್ಲಿ ಮಗಳ ಹೆಸರು. ಪಿನ್ನು ಚುಚ್ಚುವುದನ್ನು ಹತ್ತಿರದಿಂದ ತೋರಿಸಿ. ಆಮೇಲೆ ಅವನು ವಾರವಾರ ಬಂದು ಬಾಗಿಲಲ್ಲೇ ನಿಂತು ಮೇಲಿನ ಅಟ್ಟಣಿಗೆ ನೋಡಿ ಹೋಗುತ್ತಾನೆ, ಚೀಟಿ ಇದೆ ತಾನೇ ಅಂತ. ಹಬ್ಬದ ದಿನ ಸೀರೆ ಮಗಳ ಕೈಗೆ ಬರುತ್ತದೆ. ಅವಳು ಬಿಚ್ಚುವಾಗ ಚೀಟಿ ಬೀಳುತ್ತದೆ. ಅದರಲ್ಲಿ ಅವಳ ಹೆಸರು, ಅವಳಿಗೆ ಕೆಲಸ ಸಿಗುವುದಕ್ಕೂ ಮುಂಚಿನ ತಾರೀಖು. ಅಳು ಅಲ್ಲಿ ಬರಲಿ. ಅಪ್ಪನ ಮುಖ ಕೊನೆಯ ಶಾಟ್ ಬೇಡ, ಚೀಟಿ ಕೊನೆಯ ಶಾಟ್. ಕಥೆಯ ಎತ್ತರವೂ ಕೊನೆಯೂ ಜನರ ತಲೆಯಲ್ಲಿ ಗಟ್ಟಿಯಾಗಿ ಉಳಿಯುವ ಜಾಗಗಳು. ಎರಡರಲ್ಲೂ ನಿಮ್ಮ ವಸ್ತು ಇರಬೇಕು.

ಮುಂದಿನ ವರ್ಷ ಅಪ್ಪ ಬೇಡ. ಅತ್ತೆಗೆ ಸೊಸೆ ಎತ್ತಿಡಿಸಿದ ಸೀರೆ ಇರಲಿ. ಆಚೆ ವರ್ಷ ಹೆರಿಗೆಗೆ ತವರಿಗೆ ಬಂದವಳದ್ದು. ಚೀಟಿಯ ಬಣ್ಣ, ಪಿನ್ನು, ಬರೆಯುವ ಕೈ ಮಾತ್ರ ಬದಲಾಗಬಾರದು. ಕೆಲಸ ಮಾಡುವ ನಮಗೆ ಎರಡನೇ ವರ್ಷಕ್ಕೇ ಬೇಜಾರು ಬಂದುಬಿಡುತ್ತದೆ, ಹೊಸದು ಮಾಡೋಣ ಅನಿಸುತ್ತದೆ. ಆಗಿನ್ನೂ ಜನ ಗಮನಿಸಲು ಶುರು ಮಾಡಿರುತ್ತಾರೆ ಅಷ್ಟೇ. ಬಹಳ ಒಳ್ಳೆಯ ಸರಣಿಗಳು ಸತ್ತಿರುವುದು ಹೀಗೆ, ಮಾಡಿದವರ ಬೇಜಾರಿನಿಂದ.

ರಾಮ್ ಅಂಡ್ ಕೋ ಸರ್ಕಲ್ ಹುಡುಗ

ಎಲ್ಲ ಸರಿ ಮೇಡಂ, ಆದರೆ ಅದೇ ಸರಣಿ ಜನರನ್ನು ಕೆರಳಿಸಿದ್ದೂ ಇದೆಯಲ್ಲ. 2019ರ ಹೋಳಿ ಆ್ಯಡ್. ನಮ್ಮ ಸರ್ಕಲ್‌ನಲ್ಲಿ ಹೋಳಿ ಅಂದರೆ ಜಾತ್ರೆ, ಆ ವರ್ಷ ಬಣ್ಣ ಆಡುತ್ತಲೇ ಹುಡುಗರ ನಡುವೆ ಇದರದ್ದೇ ಜಗಳ. ಸರ್ಫ್ ಎಕ್ಸೆಲ್ ಬಹಿಷ್ಕಾರ ಅಂತ ಎಷ್ಟು ಸಿಟ್ಟು ಅಂದರೆ, ಕೆಲವರು ಪ್ಲೇ ಸ್ಟೋರಿನಲ್ಲಿ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಹೋಗಿ ಒಂದು ಸ್ಟಾರ್ ಕೊಟ್ಟು ಬಂದರು, ಅದೇ ಕಂಪನಿ ಅಂದುಕೊಂಡು. ಇಷ್ಟೆಲ್ಲ ನೆನಪು ಕಟ್ಟಿ ಕೊನೆಗೆ ಸಿಟ್ಟು ಬಂದರೆ ಏನು ಉಪಯೋಗ?

ಚಂದ್ರವಳ್ಳಿ

ಈ ಪ್ರಶ್ನೆ ಬರಲೇಬೇಕಿತ್ತು. ಆ ಚಿತ್ರದ ಕಟ್ಟಡ ಮೊದಲು ನೋಡೋಣ. ಬಿಳಿ ಅಂಗಿಯ ಹುಡುಗಿ ಸೈಕಲ್ ಮೇಲೆ ಬೀದಿಗೆ ಬರುತ್ತಾಳೆ. ಮಹಡಿ ಮೇಲಿನ ಮಕ್ಕಳೆಲ್ಲ ಬಣ್ಣದ ಬಲೂನು ಎಸೆಯುತ್ತಾರೆ. ಅವಳು ಬೇಕಂತಲೇ ಎಲ್ಲವನ್ನೂ ತನ್ನ ಮೇಲೆ ಹಾಕಿಸಿಕೊಂಡು ಖಾಲಿ ಮಾಡಿಸುತ್ತಾಳೆ. ಆಮೇಲೆ ಬಿಳಿ ಜುಬ್ಬಾ ಪೈಜಾಮದ ಗೆಳೆಯನನ್ನು ಕರೆದು, ಹಿಂದೆ ಕೂರಿಸಿಕೊಂಡು ಮಸೀದಿಗೆ ಬಿಡುತ್ತಾಳೆ. ನಮಾಜ್ ಮುಗಿಸಿ ಬರುತ್ತೇನೆ ಅನ್ನುತ್ತಾನೆ. ಬಂದ ಮೇಲೆ ಬಣ್ಣ ಬೀಳುತ್ತದೆ ಅನ್ನುತ್ತಾಳೆ.

2005ರಲ್ಲಿ ಕಲೆ ಅನ್ನುವುದು ಪ್ರೀತಿಯ ಜೊತೆ ತಾನಾಗಿ ಬಂದದ್ದು. ಇಲ್ಲಿ ಕಲೆಯೇ ಗುರಾಣಿ. ಅವಳ ಮೈ ಕೊಳೆಯಾದಷ್ಟು ಅವನ ಬಟ್ಟೆ ಉಳಿಯುತ್ತದೆ. ಎಷ್ಟೋ ವರ್ಷ ಕೊಳೆಯಾಗುವ ಬಟ್ಟೆಯನ್ನೇ ನೋಡಿದ ನಾವು ಇಲ್ಲಿ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಲಿ ಅಂತ ಉಸಿರು ಹಿಡಿದು ಕೂರುತ್ತೇವೆ. ಹದಿನಾಲ್ಕು ವರ್ಷದ ರೂಢಿ ಇಲ್ಲದಿದ್ದರೆ ಈ ತಿರುವು ಅಷ್ಟು ಬೇಗ ಅರ್ಥವೇ ಆಗುತ್ತಿರಲಿಲ್ಲ. ನನ್ನ ಪ್ರಕಾರ ಆ ಸರಣಿಯಲ್ಲೇ ಅತಿ ಗಟ್ಟಿಯಾಗಿ ಹೆಣೆದ ಚಿತ್ರ ಅದು.

ಆದರೆ ನೀವು ಹೇಳುವ ಮಿತಿಯೂ ಇದೆ. ಕೆಸರಿನ ಗುಂಡಿಗೆ ಯಾರ ಪರವೂ ಇಲ್ಲ. ಹೋಳಿಯ ಬಣ್ಣ ಹಾಗಲ್ಲ, ಅದು ಕೆಲವರಿಗೆ ಪೂಜೆಯಷ್ಟೇ ದೊಡ್ಡದು. ಅದನ್ನು ‘ಕಲೆ’ ಅಂದದ್ದೇ ಕೆಲವರಿಗೆ ನೋವಾಯಿತು. ನನಗೆ ಆ ಚಿತ್ರ ಇಷ್ಟ. ಅದನ್ನು ಮಾಡಿದ್ದು ಸರಿ ಅಂತಲೇ ನಂಬುತ್ತೇನೆ.

ರಾಮ್ ಅಂಡ್ ಕೋ ಸರ್ಕಲ್ ಹುಡುಗ

ನಾನು ಒಪ್ಪೋದಿಲ್ಲ ಮೇಡಂ. ಹುಡುಗಿ ಮಾಡಿದ್ದು ಒಳ್ಳೆಯದೇ. ಆದರೆ ನಮ್ಮ ಹಬ್ಬದ ಬಣ್ಣದಿಂದ ಯಾರನ್ನೋ ಕಾಪಾಡಬೇಕು ಅನ್ನೋ ಹಾಗೆ ತೋರಿಸಿದ್ದು ನನಗೆ ಇವತ್ತಿಗೂ ಸರಿ ಅನಿಸೋದಿಲ್ಲ. ನಮ್ಮ ಗ್ಯಾಂಗಿನಲ್ಲಿ ಎಲ್ಲರೂ ಬಣ್ಣ ಆಡುತ್ತೇವೆ.

ಚನ್ನಗಿರಿ ಅಡಿಕೆ ತೋಟ

ಟೀಚರ್ ಅಕ್ಕಾ, ತಣ್ಣೀರಿಗೆ ಥ್ಯಾಂಕ್ಸ್. ಈಗ ಒಂದು ಅನಿಸಿತು. ಇವರು ಯಾವತ್ತೂ ಅಡಿಕೆ ಚೊಗರು ತೋರಿಸಿಲ್ಲ ನೋಡಿ. ಕೆಸರು, ಬಣ್ಣ, ತಿಂಡಿ ಇಷ್ಟೇ. ಹೋಗೋ ಕಲೆ ಮಾತ್ರ ಒಳ್ಳೆಯದು ಅಂತಾರೆ.

ಚಂದ್ರವಳ್ಳಿ

ಅಣ್ಣಾ, ನಾನು ಇಷ್ಟು ಹೊತ್ತು ಹೇಳದೇ ಬಿಟ್ಟದ್ದನ್ನು ನೀವು ಹೇಳಿದಿರಿ. ಆ ಕಥೆಗಳೆಲ್ಲ ನಿಂತಿರುವುದು ಕೊನೆಗೆ ಬಟ್ಟೆ ಮತ್ತೆ ಬಿಳಿಯಾಗುತ್ತದೆ ಅನ್ನುವ ನಂಬಿಕೆಯ ಮೇಲೆ. ಒಗೆದು ತೋರಿಸುವುದು ಕೆಲವೇ ಸೆಕೆಂಡ್, ಆದರೆ ಆ ಭರವಸೆ ಇಲ್ಲದಿದ್ದರೆ ಬೈಗುಳ ನುಂಗಿಕೊಳ್ಳಲು ಅಮ್ಮನಿಗೆ ಆಗುವುದಿಲ್ಲ. ನಿಮ್ಮ ಪಂಚೆಯ ಮುಂದೆ ಆ ಸಾಲು ಸುಳ್ಳಾಯಿತು. ನಿಮ್ಮ ಮಟ್ಟಿಗೆ ಅಲ್ಲಿಗೆ ಗಂಟು ಬಿಚ್ಚಿತು.

ಕೊಟ್ರೇಶ್, ಇದು ನಿಮಗೂ ಸೇರಿದ ಮಾತು. ಚೀಟಿ ಚುಚ್ಚಿದ ಸೀರೆಯನ್ನು ಅಂಗಡಿಯವರು ಒಂದೇ ಒಂದು ಸಲ ಬೇರೆಯವರಿಗೆ ಮಾರಿದರೆ ನಿಮ್ಮ ಆ್ಯಡ್ ಅವತ್ತೇ ಮುಗಿಯಿತು. ಮೊದಲು ಸಾಹುಕಾರರ ಹತ್ತಿರ ಅದನ್ನು ಕೇಳಿ.

ಕ್ಯಾಮೆರಾ ಕೊಟ್ರೇಶ (ಮೂರು ದಿನದ ನಂತರ)

ಹೋಗಿ ಬಂದೆ. ಸಾಹುಕಾರರಿಗೆ ಚೀಟಿ ಕಥೆಯನ್ನು ಬಾಯಲ್ಲೇ ಹೇಳಿದೆ. ಮೊದಲು ಒಪ್ಪಲಿಲ್ಲ. ಇದು ದುಡ್ಡಿಲ್ಲದವರ ಅಂಗಡಿ ಅಂತ ಆಗಿಬಿಡುತ್ತದೆ, ಮದುವೆ ಜವಳಿಗೆ ಬರುವ ದೊಡ್ಡ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾರೆ ಅಂದರು. ಅವರ ಭಯ ಸುಮ್ಮನೆ ಅಲ್ಲ ಅಂತ ನನಗೂ ಅನಿಸಿತು.

ಚೀಟಿ ಚುಚ್ಚಿದ್ದನ್ನು ಯಾವತ್ತಾದರೂ ಬೇರೆಯವರಿಗೆ ಮಾರಿದ್ದೀರಾ ಅಂತ ಕೇಳಿದೆ. ಅವರು ಮಾತಾಡದೆ ಏಣಿ ಹಾಕಿಸಿ, ಅಟ್ಟಣಿಗೆಯ ಮೂಲೆಯಿಂದ ಒಂದು ಕಟ್ಟು ಇಳಿಸಿದರು. ಹಸಿರು ಇಳಕಲ್ ಸೀರೆ. ಚೀಟಿಯ ಹಳದಿ ಹೋಗಿ ಬೂದು ಬಣ್ಣವಾಗಿದೆ, ಪಿನ್ನಿನ ಸುತ್ತ ತುಕ್ಕು ಹಿಡಿದಿದೆ. 2011ರ ತಾರೀಖು. ಮುನ್ನೂರು ರೂಪಾಯಿ ಜಮಾ. ಕೊಟ್ಟವರು ಮತ್ತೆ ಬರಲಿಲ್ಲವಂತೆ. ಹೆಸರಿನ ಮೇಲೆ ಬೆರಳು ಇಟ್ಟು ಮುಚ್ಚಿಕೊಂಡೇ ನನಗೆ ತೋರಿಸಿದರು.

ಯುಗಾದಿಗೆ ಮಾಡೋಣ ಅಂದಿದ್ದಾರೆ. ಕಂತು ಅನ್ನುವ ಮಾತು ಎಲ್ಲೂ ಬರಬಾರದು ಅನ್ನುವುದು ಷರತ್ತು. ನಿನ್ನೆ ಕಥೆಯನ್ನು ನಮ್ಮ ತಾಯಿಗೆ ಹೇಳಿದ್ದೆ. ಇವತ್ತು ಬೆಳಗ್ಗೆ ಅವರು ಅದನ್ನು ಪಕ್ಕದ ಮನೆಯವರಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ‘ಒಂದು ಹಳದಿ ಚೀಟಿ ಇರುತ್ತೆ ನೋಡು’ ಅಂತಲೇ ಶುರು ಮಾಡಿದರು.